ಗೊರಕೆ ನಿಂತುಹೋಗುವ ಆ ಅರೆನಿಮಿಷ

ಪ್ರಶ್ನೆ: ಡಾಕ್ಟ್ರೇ, ನಮ್ಮನೆಯವರಿಗೆ 46 ವರ್ಷ. ಹತ್ತು ವರ್ಷದಿಂದ ಗೊರಕೆ ಇದೆ, ಈಗ ಪಕ್ಕದ ಕೋಣೆಗೂ ಕೇಳಿಸುತ್ತದೆ. ಮಧ್ಯೆ ಮಧ್ಯೆ ಸದ್ದು ಪೂರ್ತಿ ನಿಂತುಹೋಗುತ್ತದೆ, ಆಮೇಲೆ ನೀರಲ್ಲಿ ಮುಳುಗಿದವರು ಮೇಲೆ ಬಂದ ಹಾಗೆ ಗಬಕ್ಕನೆ ಉಸಿರೆಳೆದುಕೊಳ್ಳುತ್ತಾರೆ. ಬೆಳಿಗ್ಗೆ ಕೇಳಿದರೆ ಏನೂ ನೆನಪಿರಲ್ಲ. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತಾರೆ. ಎಂಟು ಗಂಟೆ ಮಲಗಿದರೂ ಹಗಲು ಕೂತಲ್ಲೇ ತೂಕಡಿಕೆ. ಹೋದ ತಿಂಗಳು ಕಾರು ಓಡಿಸುವಾಗ ಒಮ್ಮೆ ಕಣ್ಣು ಮುಚ್ಚಿಹೋಗಿತ್ತು. ಬಿಪಿಗೆ ಎರಡು ಮಾತ್ರೆ ತಗೋತಿದ್ದಾರೆ, ಆದರೂ ಹತೋಟಿಗೆ ಬಂದಿಲ್ಲ. ಸ್ವಲ್ಪ ಹೊಟ್ಟೆ ಇದೆ, ದಪ್ಪ ಏನಲ್ಲ. ನಮ್ಮತ್ತೆ "ಗೊರಕೆ ಅಂದ್ರೆ ಗಾಢ ನಿದ್ದೆ" ಅಂತಾರೆ. ಇವರು "ನನಗೇನೂ ಆಗಿಲ್ಲ" ಅಂತಾರೆ. ಇದು ಕಾಯಿಲೆಯಾ? ಮಾತ್ರೆಯಲ್ಲಿ ಹೋಗುತ್ತಾ? ಮೆಷಿನ್ ಹಾಕಿದರೆ ಜೀವನಪೂರ್ತಿ ಹಾಕಬೇಕಂತೆ, ನಿಜವಾ?

ಉತ್ತರ: ಮೊದಲು ಕಾರಿನ ಮಾತು, ಉಳಿದದ್ದು ಆಮೇಲೆ. ಪರೀಕ್ಷೆ ಆಗಿ, ಚಿಕಿತ್ಸೆ ಶುರುವಾಗಿ, ಹಗಲಿನ ತೂಕಡಿಕೆ ಹೋಗುವವರೆಗೆ ನಿಮ್ಮ ಯಜಮಾನರು ಸ್ಟೀರಿಂಗ್ ಹಿಡಿಯುವುದು ಬೇಡ. ಕಣ್ಣು ಮುಚ್ಚಿದ್ದು ಒಂದು ಸಲ ನಿಮಗೆ ಗೊತ್ತಾಗಿದೆ. ಗೊತ್ತಾಗದೆ ಎಷ್ಟು ಸಲ ಮುಚ್ಚಿದೆಯೋ, ಅವರಿಗೂ ಗೊತ್ತಿರುವುದಿಲ್ಲ. ಎರಡು ಮೂರು ಸೆಕೆಂಡಿನ ನಿದ್ದೆ ಬಂದು ಹೋದದ್ದು ಮನಸ್ಸಿಗೆ ದಾಖಲೇ ಆಗುವುದಿಲ್ಲ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಇದಕ್ಕೆ ಮದ್ದಲ್ಲ.

ಇನ್ನು ಕಾಯಿಲೆಯಾ ಅಂದರೆ, ನೀವು ಬರೆದದ್ದನ್ನು ಓದಿದ ಮೇಲೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆ, ಇರುವ ಸಾಧ್ಯತೆ ತುಂಬಾ ಜಾಸ್ತಿ ಅನ್ನಿಸುತ್ತದೆ. ಪರೀಕ್ಷೆ ಮಾಡದೆ ಖಚಿತವಾಗಿ ಹೇಳುವಂತಿಲ್ಲ. ಆದರೆ ನನಗೆ ಹಾಗನ್ನಿಸಿದ್ದು ಪಕ್ಕದ ಕೋಣೆಗೆ ಕೇಳುವ ಗೊರಕೆಯಿಂದಲ್ಲ. ಜೋರಾಗಿ ಗೊರಕೆ ಹೊಡೆದೂ ಆರಾಮಾಗಿರುವವರು ಬೇಕಾದಷ್ಟು ಜನ ಇದ್ದಾರೆ. ಮಧ್ಯೆ ಸದ್ದು ಪೂರ್ತಿ ನಿಂತುಹೋಗುತ್ತದೆ ಅಂತ ಬರೆದಿದ್ದೀರಲ್ಲ, ಆ ಸಾಲಿನಿಂದ. ಪಕ್ಕದಲ್ಲಿ ಮಲಗಿದವರಿಗೆ ಆಗ "ಅಬ್ಬಾ, ನಿಂತಿತು" ಅನ್ನಿಸುತ್ತದೆ. ನಮಗೆ ಬೇಕಾದ ಸುಳಿವು ಇರುವುದು ಅಲ್ಲೇ.

ಆ ಹೊತ್ತಿನಲ್ಲಿ ಏನಾಗುತ್ತದೆ ಅಂತ ನೋಡೋಣ. ಮೂಗಿನ ಒಳಗೆ ಮೂಳೆ ಇದೆ, ಶ್ವಾಸನಾಳಕ್ಕೆ ಮೃದ್ವಸ್ಥಿಯ ಬಳೆಗಳಿವೆ. ಇವೆರಡರ ನಡುವಿನ ಗಂಟಲಿಗೆ ಮಾತ್ರ ಅಂಥ ಗಟ್ಟಿ ಆಧಾರ ಇಲ್ಲ. ಅಲ್ಲಿ ಕಿರುನಾಲಿಗೆ, ಅಂಗುಳಿನ ಹಿಂಭಾಗದ ಮೆತ್ತನೆ ಮಾಂಸ, ನಾಲಿಗೆಯ ಬುಡ, ಪಕ್ಕದ ಗೋಡೆಗಳು, ಎಲ್ಲ ಮೆತ್ತಗೆ. ಎಚ್ಚರ ಇರುವಾಗ ಸುತ್ತಲಿನ ಸ್ನಾಯುಗಳು ಆ ದಾರಿಯನ್ನು ಬಿಗಿಯಾಗಿ ಹಿಡಿದು ತೆರೆದಿಟ್ಟಿರುತ್ತವೆ. ನಿದ್ದೆ ಬಂದ ಕೂಡಲೇ ಆ ಬಿಗಿ ಸಡಿಲವಾಗುತ್ತದೆ. ಎಲ್ಲರಿಗೂ ಸಡಿಲವಾಗುತ್ತದೆ, ಆದರೆ ದಾರಿ ಮೊದಲೇ ಕಿರಿದಾಗಿದ್ದವರಿಗೆ ಅಷ್ಟೇ ಸಾಕು. ನೆನೆದು ಮೆತ್ತಗಾದ ಕಾಗದದ ಸ್ಟ್ರಾದಲ್ಲಿ ಜೋರಾಗಿ ಹೀರಿ ನೋಡಿ. ಹೀರಿದಷ್ಟೂ ಅದರ ಗೋಡೆಗಳು ಒಳಗೆ ಅಂಟಿಕೊಳ್ಳುತ್ತವೆ. ಗಂಟಲಲ್ಲಿ ಆಗುವುದೂ ಅದೇ. ದಾರಿ ಅರ್ಧ ಮುಚ್ಚಿದಾಗ ಗೋಡೆಗಳು ಅದುರಿ ಗೊರಕೆ ಬರುತ್ತದೆ. ಪೂರ್ತಿ ಮುಚ್ಚಿದಾಗ ಗಾಳಿಯೇ ಹೋಗುವುದಿಲ್ಲ, ಹಾಗಾಗಿ ಸದ್ದೂ ಇಲ್ಲ.

ಉಸಿರು ನಿಂತರೂ ಉಸಿರಾಡುವ ಪ್ರಯತ್ನ ನಿಂತಿರುವುದಿಲ್ಲ. ಎದೆ ಎಳೆಯುತ್ತಲೇ ಇರುತ್ತದೆ, ಗಂಟಲು ಬಿಡುವುದಿಲ್ಲ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ, ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಅರವತ್ತು ಸೆಕೆಂಡು ಹೀಗೇ ನಡೆದು, ಕೊನೆಗೆ ಮೆದುಳು ಕೆಲವು ಸೆಕೆಂಡು ಎಚ್ಚರಗೊಂಡು ಗಂಟಲಿನ ಸ್ನಾಯುಗಳನ್ನು ಬಿಗಿ ಮಾಡುತ್ತದೆ. ನೀವು ಹೇಳಿದ ಆ ಗಬಕ್ಕನೆ ಉಸಿರು ಬರುವುದು ಆವಾಗ. ನಾಲ್ಕು ಉಸಿರು ಎಳೆದು ಮತ್ತೆ ನಿದ್ದೆ, ಮತ್ತೆ ಸ್ನಾಯು ಸಡಿಲ, ಮತ್ತೆ ದಾರಿ ಬಂದ್. ಕಾಯಿಲೆ ಜೋರಾಗಿ ಇದ್ದವರಲ್ಲಿ ಎರಡು ನಿಮಿಷಕ್ಕೊಂದು ಸಲ, ಅದಕ್ಕಿಂತ ಬೇಗ ಬೇಗನೂ, ಇಡೀ ರಾತ್ರಿ ಇದೇ ನಡೆಯುತ್ತದೆ. ಆ ಎಚ್ಚರ ತೀರಾ ಚಿಕ್ಕದು, ಹಾಗಾಗಿ ಬೆಳಿಗ್ಗೆ ನೆನಪಿರುವುದಿಲ್ಲ. ನಿಮ್ಮ ಯಜಮಾನರು "ನನಗೇನೂ ಆಗಿಲ್ಲ" ಅನ್ನುವುದು ಹಟ ಅಲ್ಲ. ಅವರಿಗೆ ನಿಜವಾಗಿಯೂ ಗೊತ್ತಿಲ್ಲ.

ನಿಮ್ಮತ್ತೆಯವರು ಹೇಳಿದ ಗಾಢ ನಿದ್ದೆಗೂ ಉತ್ತರ ಇಲ್ಲೇ ಇದೆ. ಹೊರಗಿನಿಂದ ನೋಡಿದರೆ ಎಬ್ಬಿಸಿದರೂ ಏಳದ ನಿದ್ದೆ, ಆದರೆ ಒಳಗೆ ಅದು ನೂರು ಚೂರಾಗಿರುತ್ತದೆ. ಗಾಢ ಹಂತಕ್ಕೆ ಇಳಿಯುವಷ್ಟರಲ್ಲಿ ಯಾರೋ ಭುಜ ಅಲುಗಿಸಿದ ಹಾಗೆ ಮೇಲೆ ಬಂದುಬಿಡುತ್ತಾರೆ. ಹಾಸಿಗೆಯಲ್ಲಿ ಎಂಟು ಗಂಟೆ ಇದ್ದರೂ ಸಿಗುವುದು ಚೂರು ಚೂರು ನಿದ್ದೆ. ಹಗಲು ತೂಕಡಿಸದೆ ಇನ್ನೇನು ಮಾಡಿಯಾರು ಪಾಪ.

ರಾತ್ರಿ ಮೂರು ಸಲ ಮೂತ್ರಕ್ಕೆ ಏಳುವುದನ್ನೂ ಬರೆದದ್ದು ಒಳ್ಳೆಯದಾಯಿತು. ಇದನ್ನು ಗೊರಕೆಯ ಜೊತೆ ಯಾರೂ ಜೋಡಿಸುವುದಿಲ್ಲ. ಮುಚ್ಚಿದ ಗಂಟಲಿನ ವಿರುದ್ಧ ಎದೆ ಜೋರಾಗಿ ಎಳೆದಾಗ ಎದೆಯೊಳಗಿನ ಒತ್ತಡ ತುಂಬಾ ಇಳಿಯುತ್ತದೆ, ಹೃದಯಕ್ಕೆ ಜಾಸ್ತಿ ರಕ್ತ ನುಗ್ಗಿ ಅದರ ಮೇಲಿನ ಕೋಣೆಗಳು ಹಿಗ್ಗುತ್ತವೆ. ಮೈಯಲ್ಲಿ ನೀರು ಜಾಸ್ತಿಯಾಗಿದೆ ಅಂತ ಹೃದಯ ತಪ್ಪು ತಿಳಿದು ಒಂದು ಹಾರ್ಮೋನ್ ಬಿಡುತ್ತದೆ, ಅದು ಮೂತ್ರಪಿಂಡಕ್ಕೆ ನೀರು ಹೊರಹಾಕು ಅನ್ನುತ್ತದೆ. ಎಷ್ಟೋ ಗಂಡಸರು ಇದಕ್ಕಾಗಿ ಪ್ರಾಸ್ಟೇಟ್ ಮಾತ್ರೆ ತಿಂದು, ಶುಗರ್ ಟೆಸ್ಟ್ ಮಾಡಿಸಿ ಸುಸ್ತಾಗಿ ಕೊನೆಗೆ ನಮ್ಮ ಹತ್ತಿರ ಬರುತ್ತಾರೆ. ಆ ಪರೀಕ್ಷೆಗಳು ಬೇಡ ಅಂತಲ್ಲ, ಮಾಡಿಸಲೇಬೇಕು. ಅವುಗಳಲ್ಲಿ ಏನೂ ಸಿಗದಿದ್ದರೆ ಗೊರಕೆಯ ಕಡೆ ನೋಡಬೇಕು.

ಬಿಪಿಯದ್ದೂ ಇದೇ ಕಥೆ. ಆರೋಗ್ಯವಂತರಿಗೆ ನಿದ್ದೆಯಲ್ಲಿ ಬಿಪಿ ಇಳಿಯುತ್ತದೆ, ಹೃದಯಕ್ಕೂ ರಕ್ತನಾಳಗಳಿಗೂ ಅದು ಬಿಡುವಿನ ಹೊತ್ತು. ಇಲ್ಲಿ ಪ್ರತಿ ಸಲ ಉಸಿರು ಕಟ್ಟಿ ಬಿಟ್ಟಾಗಲೂ ಬೆಚ್ಚಿಬಿದ್ದ ಹಾಗೆ ಅಡ್ರಿನಲಿನ್ ನುಗ್ಗುತ್ತದೆ, ಬಿಪಿ ಛಂಗನೆ ಏರುತ್ತದೆ. ರಾತ್ರಿಯಿಡೀ ಹೀಗಾದ ಮೇಲೆ ಹಗಲಲ್ಲೂ ಅದು ಪೂರ್ತಿ ಇಳಿಯುವುದಿಲ್ಲ. ಮಾತ್ರೆ ಮೇಲೆ ಮಾತ್ರೆ ಸೇರಿಸಿದರೂ ಬಿಪಿ ಬಗ್ಗದವರಲ್ಲಿ ಸ್ಲೀಪ್ ಆಪ್ನಿಯಾ ಹುಡುಕಲೇಬೇಕು. ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್, ಪಾರ್ಶ್ವವಾಯು, ಟೈಪ್ 2 ಸಕ್ಕರೆ ಕಾಯಿಲೆ ಇವೂ ಈ ರೋಗಿಗಳಲ್ಲಿ ಜಾಸ್ತಿ ಕಂಡುಬರುತ್ತವೆ.

"ದಪ್ಪ ಏನಲ್ಲ" ಅಂದಿರಿ. ತೂಕ ದೊಡ್ಡ ಕಾರಣ ಹೌದು, ಆದರೆ ಒಂದೇ ಕಾರಣ ಅಲ್ಲ. ಕೆಳದವಡೆ ಚಿಕ್ಕದಾಗಿ ಹಿಂದೆ ಸರಿದಿದ್ದರೆ ನಾಲಿಗೆಗೆ ಜಾಗ ಸಾಲದೆ ಅದು ಹಿಂದೆ ಬೀಳುತ್ತದೆ, ಅಂಥವರು ಕಡ್ಡಿಯಂತಿದ್ದರೂ ಆಪ್ನಿಯಾ ಬರುತ್ತದೆ. ಟಾನ್ಸಿಲ್ ದೊಡ್ಡದಿದ್ದರೂ ಹಾಗೇ. ನಾನು ಹೊಟ್ಟೆಗಿಂತ ಮೊದಲು ಕತ್ತು ನೋಡುತ್ತೇನೆ. ಗಂಡಸರಿಗೆ ಕತ್ತಿನ ಸುತ್ತಳತೆ 40 ಸೆಂಟಿಮೀಟರ್ ದಾಟಿದ್ದರೆ ಅನುಮಾನ ಜಾಸ್ತಿಯಾಗುತ್ತದೆ. ಟೇಪ್ ತಗೊಂಡು ಇವತ್ತೇ ಅಳೆದು ನೋಡಿ. ಹಾಗೇ ಒಂದು ಮಾತು: ಹೆಂಗಸರಿಗೆ, ಅದರಲ್ಲೂ ಮುಟ್ಟು ನಿಂತ ಮೇಲೆ, ಇದು ಬೇರೆ ವೇಷದಲ್ಲಿ ಬರುತ್ತದೆ. ಜೋರು ಗೊರಕೆ ಕಡಿಮೆ. ನಿದ್ದೆ ಬರಲ್ಲ, ಸುಸ್ತು, ಬೆಳಿಗ್ಗೆ ತಲೆನೋವು, ಮನಸ್ಸಿಗೆ ಬೇಜಾರು ಅಂತ ಬರುತ್ತಾರೆ, ಖಿನ್ನತೆ ಅಂತ ಮಾತ್ರೆ ತಗೊಂಡು ಹೋಗುತ್ತಾರೆ.

ಇನ್ನು ನೀವು ಮಾಡಬಹುದಾದ ಒಂದು ಕೆಲಸ ಇದೆ. ಅದು ನನ್ನ ಕೈಲಾಗುವುದಿಲ್ಲ, ನಿಮ್ಮ ಕೈಲೇ ಆಗಬೇಕು. ಅವರು ಮಲಗಿದ್ದಾಗ ಫೋನಿನಲ್ಲಿ ಐದು ನಿಮಿಷದ ವಿಡಿಯೊ ತೆಗೆಯಿರಿ. ಅಂಗಾತ ಮಲಗಿದಾಗ ಆದರೆ ಒಳ್ಳೆಯದು, ಬೆಳಗಿನ ಜಾವ ನಾಲ್ಕು ಐದು ಗಂಟೆ ಹೊತ್ತಿಗೆ ಆದರೆ ಇನ್ನೂ ಒಳ್ಳೆಯದು. ಯಾಕೆ ಆ ಹೊತ್ತು ಅಂದರೆ, ಕನಸು ಬೀಳುವ ನಿದ್ದೆಯ ಹಂತ ಬೆಳಗಿನ ಕಡೆಗೆ ಜಾಸ್ತಿ ಇರುತ್ತದೆ, ಗಂಟಲಿನ ಸ್ನಾಯುಗಳು ಅತಿ ಸಡಿಲವಾಗುವುದೂ ಆ ಹಂತದಲ್ಲೇ. ಮುಖ ಒಂದೇ ಅಲ್ಲ, ಎದೆ ಹೊಟ್ಟೆ ಎರಡೂ ಕಾಣಬೇಕು, ಹೊದಿಕೆ ಸ್ವಲ್ಪ ಸರಿಸಿ. ಸದ್ದು ನಿಂತಾಗ ಎದೆ ಹೊಟ್ಟೆ ಅಲುಗಾಡುತ್ತಿದೆಯಾ ನೋಡಿ. ಏತದ ಹಾಗೆ ಎದೆ ಒಳಗೆ ಹೋದಾಗ ಹೊಟ್ಟೆ ಮೇಲೆ ಬರುತ್ತಿದ್ದರೆ ಗಂಟಲು ಮುಚ್ಚಿದೆ, ಅವರು ಎಳೆಯಲು ಒದ್ದಾಡುತ್ತಿದ್ದಾರೆ ಅಂತ ಅರ್ಥ. ಎದೆಯೂ ಅಲುಗದೆ ಸುಮ್ನೆ ಇದ್ದರೆ ಅದು ಬೇರೆ ಬಗೆ, ಮೆದುಳೇ ಉಸಿರಾಡು ಅಂತ ಹೇಳದೆ ಇರುವುದು. ಹೃದಯ ದುರ್ಬಲವಾದವರಲ್ಲಿ, ಅಫೀಮಿನ ಗುಂಪಿನ ನೋವಿನ ಮಾತ್ರೆ ತಗೊಳ್ಳುವವರಲ್ಲಿ ಅದು ಕಾಣುತ್ತದೆ, ಅದರ ಚಿಕಿತ್ಸೆಯೂ ಬೇರೆ. ವಿಡಿಯೊ ನೋಡಿ ಕಾಯಿಲೆ ಇದೇ ಅಂತ ತೀರ್ಮಾನ ಮಾಡಲು ಬರುವುದಿಲ್ಲ, ಆದರೆ ಯಾವ ಪರೀಕ್ಷೆ, ಎಷ್ಟು ಬೇಗ ಅನ್ನುವುದಕ್ಕೆ ತುಂಬಾ ಸಹಾಯವಾಗುತ್ತದೆ.

ಪರೀಕ್ಷೆಗೆ ಸ್ಲೀಪ್ ಸ್ಟಡಿ ಅನ್ನುತ್ತಾರೆ. ಪೂರ್ತಿ ಪರೀಕ್ಷೆಯಲ್ಲಿ ಒಂದು ರಾತ್ರಿ ಲ್ಯಾಬಿನಲ್ಲಿ ಮಲಗಬೇಕು. ತಲೆಗೆ, ಕಣ್ಣಿನ ಪಕ್ಕಕ್ಕೆ, ಗಲ್ಲಕ್ಕೆ, ಕಾಲಿಗೆ ತಂತಿ ಅಂಟಿಸುತ್ತಾರೆ, ಮೂಗಿಗೆ ಸಣ್ಣ ಕೊಳವೆ, ಎದೆಗೂ ಹೊಟ್ಟೆಗೂ ಒಂದೊಂದು ಪಟ್ಟಿ, ಬೆರಳಿಗೆ ಆಕ್ಸಿಜನ್ ಕ್ಲಿಪ್ಪು. ಸೂಜಿ ಇಲ್ಲ, ನೋವಿಲ್ಲ. "ಇಷ್ಟೆಲ್ಲ ಹಾಕಿದರೆ ನಿದ್ದೆ ಎಲ್ಲಿ ಬರುತ್ತೆ" ಅಂತ ಎಲ್ಲರೂ ಕೇಳುತ್ತಾರೆ. ನಿಮ್ಮ ಯಜಮಾನರಂಥವರಿಗೆ ಸಾಮಾನ್ಯವಾಗಿ ಬೇಗ ಬರುತ್ತದೆ, ತಂತಿ ಅಂಟಿಸುವಾಗಲೇ ತೂಕಡಿಸಿದವರನ್ನು ನೋಡಿದ್ದೇನೆ.

ವರದಿ ಬಂದಾಗ ಅದನ್ನು ಹೇಗೆ ಓದಬೇಕು ಅನ್ನುವುದಕ್ಕೆ ನನ್ನ ಒಬ್ಬ ರೋಗಿಯ ಲೆಕ್ಕ ಹೇಳುತ್ತೇನೆ, ಗುರುತು ಸಿಗದ ಹಾಗೆ. 54 ವರ್ಷ, ಲೆಕ್ಕಪತ್ರದ ಕೆಲಸ. ಒಂದು ವರ್ಷ ಪ್ರಾಸ್ಟೇಟ್ ಮಾತ್ರೆ ತಿಂದಿದ್ದರು, ರಾತ್ರಿ ಏಳುವುದು ಕಡಿಮೆಯಾಗಿರಲಿಲ್ಲ. ಗೊರಕೆ ತಾಳಲಾರದೆ ಹೆಂಡತಿ ಬೇರೆ ಕೋಣೆಗೆ ಹೋಗಿ ಆರು ವರ್ಷವಾಗಿತ್ತು, ಹಾಗಾಗಿ ಉಸಿರು ನಿಲ್ಲುವುದನ್ನು ನೋಡಿದವರೇ ಇರಲಿಲ್ಲ. ನಿಮಗೆ ನಿದ್ದೆ ಬರುತ್ತಾ ಅಂತ ಕೇಳಿದರೆ "ಇಲ್ಲ, ಚೆನ್ನಾಗಿದ್ದೀನಿ" ಅಂದರು. ಎಪ್‌ವರ್ತ್ ಅಂತ ಒಂದು ಪ್ರಶ್ನಾವಳಿ ಇದೆ. ಕೂತು ಓದುವಾಗ, ಟಿವಿ ನೋಡುವಾಗ, ಊಟವಾದ ಮೇಲೆ ಸುಮ್ನೆ ಕೂತಾಗ, ಟ್ರಾಫಿಕ್‌ನಲ್ಲಿ ಕಾರು ನಿಂತಾಗ, ಹೀಗೆ ಎಂಟು ಸನ್ನಿವೇಶಗಳಲ್ಲಿ ತೂಕಡಿಕೆ ಬರುವ ಸಾಧ್ಯತೆಗೆ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 24. ಹತ್ತು ದಾಟಿದರೆ ಜಾಸ್ತಿ. ಅವರಿಗೆ 15 ಬಂತು. ವರ್ಷಗಟ್ಟಲೆ ಹೀಗೇ ಇದ್ದವರಿಗೆ ತೂಕಡಿಕೆಯೇ ಮಾಮೂಲು ಅನ್ನಿಸಿಬಿಟ್ಟಿರುತ್ತದೆ. ಅದಕ್ಕೇ "ನಿದ್ದೆ ಬರುತ್ತಾ" ಅಂತ ಕೇಳಬಾರದು, "ಎಲ್ಲಿ ಬರುತ್ತೆ" ಅಂತ ಕೇಳಬೇಕು.

ಅವರ ಪರೀಕ್ಷೆಯ ರಾತ್ರಿ ಯಂತ್ರ ಓಡಿದ್ದು ಏಳೂವರೆ ಗಂಟೆ, ಅವರು ನಿದ್ದೆ ಮಾಡಿದ್ದು ಆರು ಗಂಟೆ. ಕನಿಷ್ಠ ಹತ್ತು ಸೆಕೆಂಡು ಉಸಿರು ಪೂರ್ತಿ ನಿಂತದ್ದು, ಅರೆಬರೆ ಕಟ್ಟಿ ಆಕ್ಸಿಜನ್ ಇಳಿದದ್ದು ಅಥವಾ ಎಚ್ಚರ ಆದದ್ದು ಎಲ್ಲ ಸೇರಿ 228 ಸಲ. ಅದನ್ನು ಆರು ಗಂಟೆಗೆ ಭಾಗಿಸಿದರೆ ಗಂಟೆಗೆ 38. ಈ ಸಂಖ್ಯೆಗೇ ಎಎಚ್‌ಐ ಅನ್ನುವುದು. ಐದಕ್ಕಿಂತ ಕಡಿಮೆ ಇದ್ದರೆ ಸಹಜ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದಕ್ಕೂ ಮೇಲೆ ತೀವ್ರ. ಅವರದ್ದು ತೀವ್ರ. ಆದರೆ ನಾನು ಆ ಒಂದು ಸಂಖ್ಯೆಗೆ ನಿಲ್ಲುವುದಿಲ್ಲ. ಅಂಗಾತ ಮಲಗಿದ್ದ ಮೂರು ಗಂಟೆಯಲ್ಲಿ 171 ಸಲ, ಮಗ್ಗುಲಾಗಿದ್ದ ಮೂರು ಗಂಟೆಯಲ್ಲಿ 57 ಸಲ. ಅಂದರೆ ಗಂಟೆಗೆ 57 ಒಂದು ಕಡೆ, 19 ಇನ್ನೊಂದು ಕಡೆ. ಮಗ್ಗುಲಾಗಿ ಮಲಗಿದರೆ ಇಷ್ಟೊಂದು ಇಳಿಯುತ್ತದೆ ಅನ್ನುವುದು ಖುಷಿಯ ವಿಷಯ, ಇಳಿದರೂ 19ಕ್ಕೆ ನಿಲ್ಲುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ಆಕ್ಸಿಜನ್ 76ಕ್ಕೆ ಇಳಿದಿತ್ತು. ಅತಿ ಉದ್ದನೆಯ ತಡೆ 71 ಸೆಕೆಂಡು, ಬೆಳಗಿನ ಜಾವದ ಕನಸಿನ ನಿದ್ದೆಯಲ್ಲಿ.

ಮನೆಯಲ್ಲೇ ಮಾಡುವ ಚಿಕ್ಕ ಪರೀಕ್ಷೆಯೂ ಇದೆ. ನಿಮ್ಮ ಯಜಮಾನರ ಹಾಗೆ ಲಕ್ಷಣ ಸ್ಪಷ್ಟವಾಗಿದ್ದು, ಹೃದಯ ಶ್ವಾಸಕೋಶದ ದೊಡ್ಡ ಕಾಯಿಲೆ ಇಲ್ಲದವರಿಗೆ ಅದು ಸಾಕು. ಆದರೆ ಅಂಥ ಬಹಳಷ್ಟು ಯಂತ್ರಗಳಲ್ಲಿ ತಲೆಗೆ ತಂತಿ ಇರುವುದಿಲ್ಲ, ನಿದ್ದೆ ಎಷ್ಟು ಹೊತ್ತು ಅಂತ ಗೊತ್ತಾಗುವುದಿಲ್ಲ, ಯಂತ್ರ ಓಡಿದ ಒಟ್ಟು ಹೊತ್ತಿಗೇ ಭಾಗಿಸುತ್ತದೆ. ಅದೇ 228ನ್ನು ಏಳೂವರೆಗೆ ಭಾಗಿಸಿ ನೋಡಿ, 38 ಇದ್ದದ್ದು ಸುಮಾರು 30 ಆಗುತ್ತದೆ. ಆಕ್ಸಿಜನ್ ಇಳಿಯದೆ ಬರೀ ಎಚ್ಚರ ಆದವು ಲೆಕ್ಕಕ್ಕೇ ಬರುವುದಿಲ್ಲ, ಹಾಗಾಗಿ ಇನ್ನೂ ಕಡಿಮೆ ತೋರಿಸಬಹುದು. ತೀವ್ರ ಇದ್ದವರಿಗೆ ಇದರಿಂದ ನಷ್ಟ ಇಲ್ಲ. ಗಡಿಯಲ್ಲಿ ಇದ್ದವರಿಗೆ "ನಾರ್ಮಲ್" ಅಂತ ಬಂದುಬಿಡುತ್ತದೆ. ಹಾಗೆ ಬಂದರೆ ನಿರಾಳವಾಗಬೇಡಿ, ಲ್ಯಾಬಿನ ಪರೀಕ್ಷೆ ಕೇಳಿ. ಕೈಗಡಿಯಾರ ತೋರಿಸುವ ನಿದ್ದೆಯ ಅಂಕ ನೋಡಿ ಆಪ್ನಿಯಾ ಇಲ್ಲ ಅಂದುಕೊಳ್ಳುವುದಂತೂ ಬೇಡವೇ ಬೇಡ.

ಈಗ ಮೆಷಿನ್. ಸಿಪ್ಯಾಪ್ ಅಂತ ಹೆಸರು. 1981ರಲ್ಲಿ ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಅವರ ಜೊತೆಗಾರರು ಇದರ ಬಗ್ಗೆ ಮೊದಲು ಬರೆದರು. ಇದು ಆಕ್ಸಿಜನ್ ಕೊಡುವ ಯಂತ್ರ ಅಂತ ತುಂಬಾ ಜನ ತಿಳಿದಿದ್ದಾರೆ, ಅಲ್ಲ. ಕೋಣೆಯ ಗಾಳಿಯನ್ನೇ ಸ್ವಲ್ಪ ಒತ್ತಡದಲ್ಲಿ ಮಾಸ್ಕ್ ಮೂಲಕ ಕಳಿಸುತ್ತದೆ. ಆ ಒತ್ತಡ ಗಂಟಲಿನ ಗೋಡೆಗಳನ್ನು ಒಳಗಿನಿಂದ ಆಚೆ ತಳ್ಳಿ ಹಿಡಿಯುತ್ತದೆ, ಅಷ್ಟೇ ಅದರ ಕೆಲಸ. ನಾನು ಹೇಳಿದ ರೋಗಿಗೆ 11 ಸೆಂಟಿಮೀಟರ್ ನೀರಿನ ಒತ್ತಡ ಬೇಕಾಯಿತು. ಅದು ಎಷ್ಟು ಅಂದರೆ, ನೀರಿರುವ ಲೋಟದಲ್ಲಿ ಸ್ಟ್ರಾವನ್ನು 11 ಸೆಂಟಿಮೀಟರ್ ಆಳಕ್ಕೆ ಮುಳುಗಿಸಿ ಗುಳ್ಳೆ ಬರಿಸಲು ಊದಬೇಕಲ್ಲ, ಅಷ್ಟು. ಶ್ವಾಸಕೋಶ ಒಡೆದುಹೋಗುತ್ತಾ ಅಂತ ಹೆದರುವವರಿಗೆ ನಾನು ಲೋಟ, ಸ್ಟ್ರಾ ಕೊಟ್ಟು ಊದಿಸುತ್ತೇನೆ.

ಮೆಷಿನ್ ಕೆಲಸ ಮಾಡುತ್ತದೆ, ಕಷ್ಟ ಇರುವುದು ಅದಕ್ಕೆ ಒಗ್ಗಿಕೊಳ್ಳುವುದರಲ್ಲಿ. ಅವರ ಮೊದಲ ಎರಡು ವಾರದ ದಾಖಲೆ ತೆಗೆದು ನೋಡಿದರೆ ರಾತ್ರಿಗೆ ಸರಾಸರಿ 2 ಗಂಟೆ 10 ನಿಮಿಷ ಹಾಕಿಕೊಂಡಿದ್ದರು. ಮಾಸ್ಕ್ ಸೋರುತ್ತಿತ್ತು, ಸೋರುತ್ತದೆ ಅಂತ ಪಟ್ಟಿ ಬಿಗಿ ಮಾಡಿದ್ದರು, ಬಿಗಿ ಮಾಡಿದಷ್ಟೂ ಮಾಸ್ಕಿನ ಮೆತ್ತೆ ಸುಕ್ಕಾಗಿ ಇನ್ನೂ ಸೋರಿತ್ತು. ಮೂಗಿನ ಮೇಲೆ ಗಾಯ ಬೇರೆ. ಅಳತೆಯೇ ದೊಡ್ಡದಾಗಿತ್ತು, ಒಂದು ಅಳತೆ ಚಿಕ್ಕದು ಕೊಟ್ಟೆವು, ಮಲಗಿಕೊಂಡು ಹಾಕಿಸಿ ಪಟ್ಟಿ ಸಡಿಲ ಮಾಡಿಸಿದೆವು. ಕೂತು ಹಾಕಿದ ಮಾಸ್ಕ್ ಮಲಗಿದಾಗ ಜರುಗುತ್ತದೆ, ಮುಖದ ಮಾಂಸ ಇಳಿಯುತ್ತದಲ್ಲ. ಅವರಿಗೆ ಮೂಗು ಕಟ್ಟುತ್ತಿತ್ತು, ಬಾಯಿ ತೆರೆದುಕೊಂಡು ಗಾಳಿ ಅಲ್ಲಿಂದ ಹೋಗಿ ಗಂಟಲು ಒಣಗುತ್ತಿತ್ತು. ಮೂಗಿನ ಸ್ಪ್ರೇ ಕೊಟ್ಟು, ಗಾಳಿಗೆ ತೇವ ಸೇರಿಸುವ ಭಾಗ ಜೋಡಿಸಿದೆವು. ಹಗಲು ಟಿವಿ ನೋಡುತ್ತಾ ಅರ್ಧ ಗಂಟೆ ಸುಮ್ನೆ ಹಾಕಿಕೊಂಡು ಕೂರಲು ಹೇಳಿದೆ. ಆರನೇ ವಾರಕ್ಕೆ ರಾತ್ರಿ ಆರು ಗಂಟೆ ದಾಟಿತು, ಮೆಷಿನ್ ಹಾಕಿಕೊಂಡಾಗಿನ ಎಎಚ್‌ಐ 3. ಎಪ್‌ವರ್ತ್ 15ರಿಂದ 6ಕ್ಕೆ ಇಳಿಯಿತು. ಮೂತ್ರಕ್ಕೆ ಏಳುವುದು ಒಂದು ಸಲಕ್ಕೆ ಬಂತು, ಕೆಲವು ದಿನ ಅದೂ ಇಲ್ಲ. ಬಿಪಿ ಸ್ವಲ್ಪ ಇಳಿಯಿತು, ಆದರೆ ಮಾತ್ರೆ ನಿಲ್ಲಲಿಲ್ಲ.

ಮೊದಮೊದಲು ಅವರು "ಅರ್ಧ ರಾತ್ರಿ ಹಾಕಿಕೊಂಡರೆ ಅರ್ಧ ಲಾಭ ಆಯ್ತಲ್ವಾ" ಅಂದಿದ್ದರು. ಆಗುವುದಿಲ್ಲ. ಮಲಗುವಾಗ ಹಾಕಿ ಎರಡು ಗಂಟೆಗೆ ಎದ್ದಾಗ ತೆಗೆದಿಟ್ಟರೆ, ಉಸಿರು ಅತಿ ಉದ್ದ ಕಟ್ಟುವ ಬೆಳಗಿನ ಜಾವಕ್ಕೆ ಮೆಷಿನ್ ಇರುವುದೇ ಇಲ್ಲ. ಬಾತ್‌ರೂಮಿಗೆ ಎದ್ದು ಬಂದ ಮೇಲೆ ಮತ್ತೆ ಹಾಕಿಕೊಳ್ಳುವ ಅಭ್ಯಾಸ ಆದರೆ ಅರ್ಧ ಯುದ್ಧ ಗೆದ್ದ ಹಾಗೆ.

ಇದರ ಮಿತಿಯನ್ನೂ ಹೇಳಿಬಿಡುತ್ತೇನೆ. ಹಗಲಿನ ತೂಕಡಿಕೆ ಹೋಗುತ್ತದೆ ಅನ್ನುವುದು ಗಟ್ಟಿ ಮಾತು. ಬಿಪಿ ಸರಾಸರಿ ಎರಡು ಮೂರು ಅಂಕ ಇಳಿಯುತ್ತದೆ, ಮಾತ್ರೆಗೆ ಬಗ್ಗದವರಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಹೃದಯಾಘಾತ ತಪ್ಪಿಸುತ್ತದೆಯೇ ಅಂದರೆ, ಆಗಲೇ ಹೃದಯ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಇದ್ದವರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅಂಥ ಲಾಭ ಕಾಣಲಿಲ್ಲ. ಆದರೆ ಅದರಲ್ಲಿ ಜನ ಮೆಷಿನ್ ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ. ಇದರರ್ಥ ಏನು ಅಂತ ವೈದ್ಯರೇ ಇನ್ನೂ ಜಗಳವಾಡುತ್ತಿದ್ದಾರೆ. ಹಾಗಾಗಿ "ಮೆಷಿನ್ ಹಾಕಿದರೆ ಹಾರ್ಟ್ ಸೇಫ್" ಅಂತ ನಾನು ಯಾರಿಗೂ ಮಾರುವುದಿಲ್ಲ.

ಜೀವನಪೂರ್ತಿ ಹಾಕಬೇಕಾ? ಕನ್ನಡಕದ ಹಾಗೆ ಅಂದುಕೊಳ್ಳಿ. ಹಾಕಿದ ರಾತ್ರಿ ಸರಿ, ಹಾಕದ ರಾತ್ರಿ ಹಳೇ ಕಥೆ. ಚಟ ಹಿಡಿಸುವುದಿಲ್ಲ, ಬಿಟ್ಟರೆ ಮೊದಲಿಗಿಂತ ಕೆಡುವುದೂ ಇಲ್ಲ. ಗಂಟಲು ಕಿರಿದಾಗಲು ಇರುವ ಕಾರಣ ಬದಲಾದರೆ ಬಿಡಬಹುದು. ತೂಕ ಜಾಸ್ತಿ ಇದ್ದವರು ಶೇಕಡಾ ಹತ್ತು ತೂಕ ಇಳಿಸಿದರೆ ಎಎಚ್‌ಐ ಸುಮಾರು ಕಾಲು ಭಾಗ ಇಳಿಯುತ್ತದೆ ಅನ್ನುವ ಅಂದಾಜಿದೆ. 8 ಇದ್ದವರಿಗೆ ಅದು ದೊಡ್ಡದು, 38 ಇದ್ದವರಿಗೆ ಸಾಲದು. ಬಿಡುವ ಮೊದಲು ಮತ್ತೊಮ್ಮೆ ಪರೀಕ್ಷೆ ಮಾಡಿಸಿಯೇ ಬಿಡಬೇಕು. ಗೊರಕೆ ನಿಂತಿತು ಅಂದ ಮಾತ್ರಕ್ಕೆ ಆಪ್ನಿಯಾ ಹೋಯಿತು ಅಂತಲ್ಲ.

ಮಾತ್ರೆ ಕೇಳಿದಿರಿ. ಮಾತ್ರೆಯಲ್ಲಿ ಹೋಗುತ್ತದೆ ಅಂತ ಹೇಳುವಂಥದ್ದು ನನ್ನ ಹತ್ತಿರ ಇಲ್ಲ. ಟಿರ್ಜೆಪಟೈಡ್ ಅನ್ನುವ ವಾರಕ್ಕೊಮ್ಮೆಯ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು, ಆದರೆ ಅದು ಬೊಜ್ಜು ಇದ್ದು ಮಧ್ಯಮ ಅಥವಾ ತೀವ್ರ ಆಪ್ನಿಯಾ ಇರುವವರಿಗೆ. ಅದರ ಕೆಲಸ ಮುಖ್ಯವಾಗಿ ತೂಕ ಇಳಿಸುವುದರಿಂದಲೇ. ಹೊಟ್ಟೆ ತೊಳಸುವಿಕೆ, ವಾಂತಿ, ಭೇದಿ ಸಾಮಾನ್ಯ ತೊಂದರೆಗಳು. ನೀವು ಹೇಳಿದ ಮೈಕಟ್ಟಿಗೆ ಅದು ಬಹುಶಃ ಅಲ್ಲ.

ಮಾಸ್ಕ್ ಆಗುವುದೇ ಇಲ್ಲ ಅನ್ನುವವರಿಗೆ, ಸೌಮ್ಯ ಅಥವಾ ಮಧ್ಯಮ ಕಾಯಿಲೆ ಇದ್ದರೆ, ದಂತವೈದ್ಯರು ಅಚ್ಚು ತೆಗೆದು ಮಾಡಿಕೊಡುವ ಹಲ್ಲಿನ ಸಾಧನ ಇದೆ. ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದೆ ಹಿಡಿಯುತ್ತದೆ, ಜೊತೆಗೆ ನಾಲಿಗೆಯೂ ಮುಂದೆ ಬರುತ್ತದೆ. ದವಡೆ ನೋವು ಬರಬಹುದು, ವರ್ಷಗಳಲ್ಲಿ ಹಲ್ಲು ಸ್ವಲ್ಪ ಜರುಗಬಹುದು, ಅಲ್ಲಾಡುವ ಹಲ್ಲಿನವರಿಗೆ ಆಗುವುದಿಲ್ಲ. ಅಚ್ಚಿಲ್ಲದೆ ರೆಡಿಮೇಡ್ ಸಿಗುವ ಸಾಧನಗಳನ್ನು ನಾನು ಬರೆದುಕೊಡುವುದಿಲ್ಲ. ಆಪರೇಷನ್ ಯಾರಿಗೆ ಅನ್ನುವುದು ಗಂಟಲು ಎಲ್ಲಿ ಮುಚ್ಚುತ್ತದೆ ಅನ್ನುವುದರ ಮೇಲಿದೆ. ಟಾನ್ಸಿಲ್ ನಿಜವಾಗಿಯೂ ದೊಡ್ಡದಿದ್ದರೆ ತೆಗೆಸುವುದರಿಂದ ಒಳ್ಳೆಯ ಫಲ ಸಿಗುತ್ತದೆ. ಕಿರುನಾಲಿಗೆ ಕತ್ತರಿಸುವ ಆಪರೇಷನ್ನಿನಲ್ಲಿ ಗೊರಕೆಯ ಸದ್ದು ಇಳಿದು ಆಪ್ನಿಯಾ ಉಳಿದುಕೊಳ್ಳುವ ಅಪಾಯ ಇದೆ, ಆಗ ಎಚ್ಚರಿಸುವ ಗಂಟೆಯನ್ನೇ ಕಿತ್ತ ಹಾಗಾಗುತ್ತದೆ. ಮೂಗಿನ ಆಪರೇಷನ್ ಒಂದರಿಂದಲೇ ಆಪ್ನಿಯಾ ಹೋಗುವುದು ಅಪರೂಪ, ಮಾಸ್ಕ್ ಹಾಕಿಕೊಳ್ಳುವುದು ಸುಲಭವಾಗುತ್ತದೆ ಅಷ್ಟೇ.

ಪರೀಕ್ಷೆ ಆಗುವವರೆಗೆ ಮಗ್ಗುಲಾಗಿ ಮಲಗಲಿ. ಬೆನ್ನಿಗೆ ದಿಂಬು ಒತ್ತಿಡಿ. ಸಂಜೆ ಮೇಲೆ ಮದ್ಯ ಬೇಡ, ನಿದ್ದೆ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ತಗೊಳ್ಳುವುದು ಬೇಡ. ಎರಡೂ ಗಂಟಲಿನ ಸ್ನಾಯುವನ್ನು ಇನ್ನಷ್ಟು ಸಡಿಲ ಮಾಡಬಹುದು, ಮೆದುಳು ಎಚ್ಚರವಾಗುವುದನ್ನೂ ತಡ ಮಾಡುತ್ತವೆ. ಬಾಯಿಗೆ ಟೇಪ್ ಹಚ್ಚಿ ಮಲಗುವುದು ಈಗ ಒಂದು ಹುಚ್ಚಾಗಿದೆ, ಉಸಿರು ಕಟ್ಟುವವರ ಮೇಲೆ ಆ ಪ್ರಯೋಗ ಮಾಡಬೇಡಿ. ಈ ಮಧ್ಯೆ ಬೇರೆ ಯಾವುದಾದರೂ ಆಪರೇಷನ್ ಇದ್ದರೆ ಅರಿವಳಿಕೆ ಕೊಡುವ ವೈದ್ಯರಿಗೆ "ಇವರಿಗೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ" ಅಂತ ನೀವೇ ಹೇಳಿ, ನಿಮ್ಮ ಯಜಮಾನರು ಹೇಳಲು ಮರೆಯುತ್ತಾರೆ.

ಅವರನ್ನು ಒಪ್ಪಿಸುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೆ ಅದೇ ಅತಿ ಕಷ್ಟದ ಭಾಗ ಅಂತ ನನಗೆ ಗೊತ್ತು. ಜಗಳದ ಮಧ್ಯೆ ಹೇಳಬೇಡಿ, ಗೊರಕೆಯಿಂದ ನನಗೆ ನಿದ್ದೆ ಇಲ್ಲ ಅಂತಲೂ ಶುರು ಮಾಡಬೇಡಿ. ಆ ವಿಡಿಯೊ ತೋರಿಸಿ, ಸದ್ದು ನಿಂತ ಜಾಗಕ್ಕೆ ಬಂದಾಗ ಏನೂ ಮಾತಾಡದೆ ಅವರಿಗೂ ಅದೇ ಕ್ಷಣ ಉಸಿರು ಬಿಗಿಹಿಡಿಯಲು ಹೇಳಿ. ವಿಡಿಯೊದಲ್ಲಿರುವವರು ಉಸಿರು ಎಳೆಯುವವರೆಗೆ ಹಿಡಿದಿಟ್ಟುಕೊಳ್ಳಲಿ, ಎಷ್ಟು ಹೊತ್ತು ಅಂತ ಅವರಿಗೇ ಗೊತ್ತಾಗುತ್ತದೆ. ಹೃದಯದ ತೊಂದರೆ ಇದ್ದರೆ ಇದು ಬೇಡ, ಗಡಿಯಾರ ಹಿಡಿದು ಎಣಿಸಿದರೆ ಸಾಕು.

ಪರೀಕ್ಷೆಗೆ ಹೋಗುವ ದಿನ ಮಧ್ಯಾಹ್ನ ಮಲಗುವುದು ಬೇಡ. ಬಿಪಿ ಮಾತ್ರೆ ನಿಲ್ಲಿಸಬೇಡಿ, ರಾತ್ರಿಯದನ್ನು ಜೊತೆಗೆ ಒಯ್ಯಿರಿ. ತಲೆಗೆ ಎಣ್ಣೆ ಹಚ್ಚಬಾರದು, ತಂತಿ ಅಂಟುವುದಿಲ್ಲ. ಬೆಳಿಗ್ಗೆ ವಾಪಸ್ ಬರುವಾಗ ಕಾರು ನೀವೇ ಓಡಿಸಿ, ಇಲ್ಲ ಬೇರೆ ಯಾರಾದರೂ ಓಡಿಸಲಿ.